ಎತ್ತರದ ಮನೆಗೆ ಸಿಡಿಲು ರಕ್ಷಣೆ: ಒಂದು ಪಟ್ಟಿ, ಒಂದು ಅರ್ಥ್ ಪಿಟ್ ಸಾಕಾ?

ಪ್ರಶ್ನೆ: ನಮ್ಮದು ನಾಲ್ಕು ಅಂತಸ್ತಿನ ಮನೆ, ಎತ್ತರ ಸುಮಾರು 15 ಮೀಟರ್. ಅಕ್ಕಪಕ್ಕ ಇಷ್ಟು ಎತ್ತರದ್ದು ಬೇರೆ ಯಾವುದೂ ಇಲ್ಲ. ಸಿಡಿಲಿಗೆ ರಾಡ್ ಹಾಕಿಸಬೇಕು ಅಂತಿದ್ದೇವೆ. ಎಲೆಕ್ಟ್ರಿಷಿಯನ್ ಹೇಳುವ ಪ್ರಕಾರ ರಾಡಿನಿಂದ ನೆಲಕ್ಕೆ ಇಳಿಯುವ ಒಂದು ಲೋಹದ ಪಟ್ಟಿ, ಒಂದು ಅರ್ಥ್ ಪಿಟ್ ಸಾಕು. ಆದರೆ ಅದನ್ನು ಮನೆಯ ಅರ್ಥಿಂಗ್‌ಗೆ ಯಾವ ಕಾರಣಕ್ಕೂ ಸೇರಿಸಬಾರದಂತೆ. ಸರೀನಾ?

ಉತ್ತರ:

ಒಂದು ಪಟ್ಟಿ ಸಾಲದು. ಇನ್ನು ಮನೆಯ ಅರ್ಥಿಂಗ್‌ಗೆ ಸೇರಿಸಬಾರದು ಅನ್ನುವುದು ಪೂರ್ತಿ ತಪ್ಪು. ಸೇರಿಸಲೇಬೇಕು.

ನಾನು ಅರ್ಥಿಂಗ್ ಕೆಲಸವನ್ನೇ ಮಾಡುವವನು, ಈ ಮಾತನ್ನು ಎಲ್ಲ ಕಡೆ ಕೇಳುತ್ತಿರುತ್ತೇನೆ. ಹೇಳುವವರ ಉದ್ದೇಶ ಒಳ್ಳೆಯದೇ, ಸಿಡಿಲು ಮನೆಯ ವೈರಿಂಗ್ ಕಡೆ ಬರದೇ ಇರಲಿ ಅಂತ ಎರಡನ್ನೂ ಬೇರೆ ಬೇರೆ ಇಡುತ್ತಾರೆ. ಆದರೆ ಬೇರೆ ಇಟ್ಟಾಗಲೇ ಅದು ವೈರಿಂಗ್‌ಗೆ ಹಾರುವುದು. ಯಾಕೆ ಅಂತ ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ.

ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಕರೆಂಟ್ ಇರುತ್ತದೆ. ನಿಮ್ಮ ಸಿಡಿಲಿನ ಅರ್ಥ್ ಪಿಟ್ ತುಂಬಾ ಚೆನ್ನಾಗಿದೆ, 5 ಓಮ್ ತೋರಿಸುತ್ತದೆ ಅಂತಲೇ ಇಟ್ಟುಕೊಳ್ಳಿ. 30,000ವನ್ನು 5ರಿಂದ ಗುಣಿಸಿದರೆ ಒಂದೂವರೆ ಲಕ್ಷ ವೋಲ್ಟ್. ಅಂದರೆ ಆ ಕ್ಷಣ ಪಟ್ಟಿಯ ಬುಡವೇ ಒಂದೂವರೆ ಲಕ್ಷ ವೋಲ್ಟ್‌ಗೆ ಏರುತ್ತದೆ. ಮನೆಯ ಅರ್ಥಿಂಗ್ ದೂರದ ಇನ್ನೊಂದು ಗುಂಡಿಯಲ್ಲಿದ್ದರೆ ಅದು ಅಷ್ಟು ಮೇಲೇರುವುದಿಲ್ಲ. ಫ್ರಿಜ್‌ನ ಮೈ, ಗೀಸರ್, ಪಂಪಿನ ಪೈಪು ಎಲ್ಲ ಆ ಕೆಳಗಿನ ವೋಲ್ಟೇಜ್‌ನಲ್ಲೇ ಇರುತ್ತವೆ. ಗೋಡೆಯ ಒಂದು ಬದಿಗೆ ಲಕ್ಷಗಟ್ಟಲೆ ವೋಲ್ಟ್, ಇನ್ನೊಂದು ಬದಿಗೆ ಏನೂ ಇಲ್ಲ. ಮಧ್ಯೆ ಬರೀ ಇಟ್ಟಿಗೆ. ಕಿಡಿ ಹಾರುವುದಕ್ಕೆ ಇಷ್ಟು ಸಾಕು.

ಎರಡನ್ನೂ ಸೇರಿಸಿದರೆ ವೋಲ್ಟೇಜ್ ಏರುವುದು ನಿಲ್ಲುವುದಿಲ್ಲ, ಆದರೆ ಎಲ್ಲವೂ ಒಟ್ಟಿಗೆ ಏರುತ್ತವೆ. ನೆರೆ ಬಂದಾಗ ದೋಣಿಯೊಳಗಿನ ಸಾಮಾನೆಲ್ಲ ದೋಣಿಯ ಜೊತೆಗೇ ಮೇಲೇಳುತ್ತದಲ್ವಾ, ಹಾಗೆ. ಅಪಾಯ ಇರುವುದು ಎರಡು ವಸ್ತುಗಳ ನಡುವಿನ ವ್ಯತ್ಯಾಸದಲ್ಲಿ, ಬರೀ ಎತ್ತರದ ವೋಲ್ಟೇಜ್‌ನಲ್ಲಲ್ಲ. ಅದಕ್ಕೇ ಸಿಡಿಲಿನ ಅರ್ಥನ್ನು ಮನೆಯ ಮುಖ್ಯ ಅರ್ಥ್ ಬಾರ್‌ಗೆ, ನೆಲಮಟ್ಟದಲ್ಲಿ, ಆದಷ್ಟು ಗಿಡ್ಡ ದಾರಿಯಲ್ಲಿ ಸೇರಿಸಿ. ತಾಮ್ರವಾದರೆ ಕನಿಷ್ಠ 16 ಚದರ ಮಿಲಿಮೀಟರ್ ಇರಬೇಕು. ನೀರಿನ ಪೈಪು, ಗ್ಯಾಸಿನ ಪೈಪು ಲೋಹದ್ದಾದರೆ ಅವೂ ಅದೇ ಬಾರ್‌ಗೆ ಬರಬೇಕು.

ಇಲ್ಲಿ ಒಂದು ವಿಷಯ ಉಳಿಯುತ್ತದೆ. ಹೊರಗಿನಿಂದ ಬರುವ ಕರೆಂಟ್ ಲೈನು ನಿಮ್ಮ ಮನೆಯ ಜೊತೆ ಏರುವುದಿಲ್ಲ, ಅದು ದೂರದಿಂದ ಬಂದದ್ದು. ಹಾಗಾಗಿ ಅರ್ಥ್ ಸೇರಿಸಿದ ಮೇಲೆ ಮೇನ್ ಬೋರ್ಡಿನಲ್ಲಿ ಟೈಪ್ 1 ಸರ್ಜ್ ಪ್ರೊಟೆಕ್ಟರ್ ಹಾಕಲೇಬೇಕು. ಸಿಡಿಲಿನ ಕ್ಷಣದಲ್ಲಿ ಅದು ಲೈನನ್ನೂ ಅರ್ಥನ್ನೂ ತಾತ್ಕಾಲಿಕವಾಗಿ ಒಂದು ಮಾಡುತ್ತದೆ. ಟೈಪ್ 2 ಮಾತ್ರ ಹಾಕಿ ಬಿಡುವವರೇ ಜಾಸ್ತಿ. ನೇರ ಸಿಡಿಲಿನ ಕರೆಂಟ್‌ನ ಪಾಲನ್ನು ಹೊರುವ ಶಕ್ತಿ ಅದಕ್ಕಿಲ್ಲ. ಟೈಪ್ 1 ಇಲ್ಲದೆ ಬರೀ ಅರ್ಥ್ ಸೇರಿಸಿದರೆ ಕೆಲಸ ಅರ್ಧ ಆದ ಹಾಗೆ, ಇದನ್ನು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಬಿಡಿ.

ಈಗ ಪಟ್ಟಿಯ ವಿಷಯ. ತಾಮ್ರದ ಪಟ್ಟಿಯ ಓಮ್ ತುಂಬಾ ಕಡಿಮೆ, ಹಾಗಾದರೆ ಒಂದೇ ಯಾಕೆ ಸಾಲದು ಅಂತ ಕೇಳುತ್ತಾರೆ. ಸಿಡಿಲಿನ ಕರೆಂಟ್ ಸೊನ್ನೆಯಿಂದ ತುದಿಗೆ ಏರುವುದು ಕೆಲವೇ ಮೈಕ್ರೊಸೆಕೆಂಡಿನಲ್ಲಿ. ಅಷ್ಟು ವೇಗದ ಕರೆಂಟ್‌ಗೆ ಅಡ್ಡಿ ಮಾಡುವುದು ಪಟ್ಟಿಯ ಓಮ್ ಅಲ್ಲ, ಅದರ ಉದ್ದ. ಒರಟು ಲೆಕ್ಕದಲ್ಲಿ ಪ್ರತಿ ಮೀಟರಿಗೆ 10,000 ವೋಲ್ಟ್ ಹಿಡಿಯಬಹುದು. ನಿಮ್ಮ 15 ಮೀಟರ್‌ಗೆ ಮತ್ತೆ ಒಂದೂವರೆ ಲಕ್ಷ. ಪಟ್ಟಿ ದಪ್ಪ ಮಾಡಿದರೆ ಇದು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಪಟ್ಟಿಗಳ ಸಂಖ್ಯೆ ಹೆಚ್ಚಿಸಿ ಕರೆಂಟ್ ಹಂಚಿದರೆ ಮಾತ್ರ ಇಳಿಯುತ್ತದೆ.

ನಾನು ನೋಡಿದ ಒಂದು ಮನೆಯಲ್ಲಿ ಆಗಿದ್ದು ಇದೇ. ಪಟ್ಟಿ ಚೆನ್ನಾಗಿತ್ತು, ಕ್ಲಾಂಪುಗಳು ಬಿಗಿಯಾಗಿದ್ದವು, ಕೆಳಗೆ ಪಿಟ್ ಕೂಡ ಸರಿಯಿತ್ತು. ಆದರೆ ಮೇಲಿನ ಮಹಡಿಯಲ್ಲಿ ಪಟ್ಟಿ ಹೋದ ಜಾಗದ ಹಿಂದೆಯೇ, ಗೋಡೆಯ ಒಳಬದಿಗೆ, ಒಂದು ಸ್ವಿಚ್ ಬೋರ್ಡು ಇತ್ತು. ಸಿಡಿಲು ಬಿದ್ದ ಮೇಲೆ ಹೊರಗಿನ ಪ್ಲಾಸ್ಟರ್ ಅಂಗೈಯಗಲ ಹಾರಿಹೋಗಿತ್ತು, ಒಳಗೆ ಬೋರ್ಡಿನ ಹಿಂದಿನ ಡಬ್ಬಿ ಕಪ್ಪಾಗಿ ವೈರುಗಳು ಕರಗಿ ಅಂಟಿಕೊಂಡಿದ್ದವು. ಕೆಳಗಿನ ಮಹಡಿಗಳಲ್ಲಿ ಗೋಡೆಗೆ ಏನೂ ಆಗಿರಲಿಲ್ಲ.

ಯಾಕೆ ಮೇಲೆಯೇ ಆಯಿತು ಅನ್ನುವುದಕ್ಕೆ ಐಇಸಿ 62305 ಮಾನದಂಡದಲ್ಲಿ ಲೆಕ್ಕ ಇದೆ. ಪಟ್ಟಿಗೂ ವೈರು ಅಥವಾ ಲೋಹದ ವಸ್ತುವಿಗೂ ಇಷ್ಟು ಅಂತರ ಬೇಕು ಅಂತ ಅದು ಹೇಳುತ್ತದೆ. ಮೂರನೇ ದರ್ಜೆಯ ರಕ್ಷಣೆಗೆ, ಮನೆಗಳಿಗೆ ಸಾಮಾನ್ಯವಾಗಿ ಹಿಡಿಯುವುದು ಇದನ್ನೇ, ಆ ಜಾಗದಿಂದ ಕೆಳಗಿನ ಅರ್ಥ್ ಜೋಡಣೆವರೆಗಿನ ಪಟ್ಟಿಯ ಉದ್ದವನ್ನು 0.04ರಿಂದ ಗುಣಿಸಿ. ನಿಮ್ಮ ಮೇಲಿನ ಮಹಡಿಗೆ 15 ಮೀಟರ್ ಹಿಡಿದರೆ 0.6 ಮೀಟರ್. ಅದು ಗಾಳಿಯಲ್ಲಿ. ಮಧ್ಯೆ ಇಟ್ಟಿಗೆ ಅಥವಾ ಕಾಂಕ್ರೀಟ್ ಇದ್ದರೆ ಅದರ ಎರಡರಷ್ಟು, 1.2 ಮೀಟರ್. ಗೋಡೆ ಇದ್ದರೆ ಇನ್ನೂ ಸುರಕ್ಷಿತ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಲೆಕ್ಕ ಉಲ್ಟಾ ಇದೆ. 20 ಸೆಂಟಿಮೀಟರ್ ಗೋಡೆಯ ಹಿಂದಿನ ಬೋರ್ಡು ಉಳಿಯುವ ಸಾಧ್ಯತೆಯೇ ಇರಲಿಲ್ಲ. ಕೆಳಗೆ ಬಂದಂತೆ ಉದ್ದ ಕಡಿಮೆ, ಬೇಕಾದ ಅಂತರವೂ ಕಡಿಮೆ.

ಎರಡು ಪಟ್ಟಿ ಎದುರುಬದುರು ಮೂಲೆಗಳಲ್ಲಿ ಇಳಿಸಿದರೆ ಆ 0.6 ಮೀಟರ್ ಸುಮಾರು 0.4 ಆಗುತ್ತದೆ. ಮೂರು ಅಥವಾ ನಾಲ್ಕು ಆದರೆ ಸುಮಾರು 0.26. ನಿಮ್ಮ ಮನೆಗೆ ನಾನಾದರೆ ನಾಲ್ಕು ಮೂಲೆಗೂ ಒಂದೊಂದು ಹಾಕುತ್ತೇನೆ, ಕನಿಷ್ಠ ಅಂದರೂ ಎರಡು. ಮೂರನೇ ದರ್ಜೆಗೆ ಮನೆಯ ಸುತ್ತಳತೆಯಲ್ಲಿ ಸುಮಾರು 15 ಮೀಟರಿಗೆ ಒಂದು ಅಂತ ಲೆಕ್ಕ. ಮನೆ ಇನ್ನೂ ಕಟ್ಟುತ್ತಿದ್ದರೆ ಪಿಲ್ಲರಿನ ಕಬ್ಬಿಣವನ್ನೇ ಈ ಕೆಲಸಕ್ಕೆ ಬಳಸಬಹುದು, ಆದರೆ ಕಬ್ಬಿಣ ಮೇಲಿಂದ ಬುಡದವರೆಗೆ ಸರಿಯಾಗಿ ಜೋಡಣೆ ಆಗಿರಬೇಕು. ಕಟ್ಟಿ ಮುಗಿದ ಮನೆಯಲ್ಲಿ ಅದನ್ನು ಸುಮ್ನೆ ನಂಬಬೇಡಿ.

ಪಟ್ಟಿ ಎಳೆಯುವಾಗ ಆಗುವ ತಪ್ಪುಗಳಲ್ಲಿ ನನಗೆ ಅತಿ ಜಾಸ್ತಿ ಕಾಣುವುದು ಪ್ಯಾರಾಪೆಟ್ ಹತ್ತಿರ. ತಾರಸಿಯಿಂದ ಪಟ್ಟಿ ಪ್ಯಾರಾಪೆಟ್ ಹತ್ತಿ, ಆಚೆ ಇಳಿದು, ಮತ್ತೆ ಗೋಡೆಗೆ ಬರುತ್ತದೆ, ಯು ಆಕಾರದಲ್ಲಿ. ಕರೆಂಟ್ ಆ ಸುತ್ತು ಹಾಕುವ ಬದಲು ಪ್ಯಾರಾಪೆಟನ್ನೇ ಸೀಳಿ ಹೋಗಬಹುದು. ಪ್ಯಾರಾಪೆಟ್‌ಗೆ ತೂತು ಮಾಡಿ ನೇರ ತನ್ನಿ. ತಿರುವು ಬೇಕೇ ಬೇಕಾದರೆ ಚೂಪಾಗಿ ಮಡಚದೆ ಅಗಲವಾಗಿ ಬಾಗಿಸಿ. ಇನ್ನೊಂದು, ಪಟ್ಟಿಯನ್ನು ಚೆಂದಕ್ಕೆ ಅಂತ ಕಬ್ಬಿಣದ ಪೈಪಿನೊಳಗೆ ಹಾಕುವುದು. ಹಾಗೆ ಹಾಕಿದರೆ ಪೈಪಿನ ಎರಡೂ ತುದಿಯನ್ನು ಪಟ್ಟಿಗೆ ಜೋಡಿಸಲೇಬೇಕು, ಇಲ್ಲದಿದ್ದರೆ ಪೈಪು ಕರೆಂಟ್‌ಗೆ ತಡೆಯಾಗುತ್ತದೆ. ಪೈಪೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಾಮ್ರವನ್ನೂ ಅಲ್ಯೂಮಿನಿಯಮನ್ನೂ ನೇರವಾಗಿ ಸೇರಿಸಬೇಡಿ, ಮಳೆಗೆ ಆ ಜಾಗ ತಿಂದುಹೋಗುತ್ತದೆ, ಅದಕ್ಕೆಂದೇ ಬೈಮೆಟಲ್ ಕ್ಲಾಂಪ್ ಸಿಗುತ್ತದೆ. ಅಲ್ಯೂಮಿನಿಯಮನ್ನು ಮಣ್ಣಿನೊಳಗೆ ಇಳಿಸಲೇಬಾರದು.

ಬಾಗಿಲು, ಮಕ್ಕಳು ಆಡುವ ಜಾಗ, ಜನ ನಿಲ್ಲುವ ಪೋರ್ಟಿಕೊ ಪಕ್ಕ ಪಟ್ಟಿ ಇಳಿಸಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಆ ಬುಡದ ಸುತ್ತ 3 ಮೀಟರ್‌ವರೆಗೆ 15 ಸೆಂಟಿಮೀಟರ್ ದಪ್ಪ ಜಲ್ಲಿ ಹರಡಿಸಿ. ನೆಲದ ಮೇಲೆ ಕಾಲಿನಿಂದ ಕಾಲಿಗೆ ಹರಿಯುವ ಕರೆಂಟ್‌ಗೆ ಅದು ತಡೆ. ಪಟ್ಟಿಯನ್ನು ಯಾರೂ ಮುಟ್ಟದ ಹಾಗೆ ಬೇಲಿಯನ್ನೋ ಸರಿಯಾದ ಇನ್ಸುಲೇಶನ್ ಅನ್ನೋ ಬೇರೆಯಾಗಿ ಮಾಡಬೇಕು.

ಅರ್ಥ್ ಪಿಟ್‌ಗೆ ಬರೋಣ. ಒಂದೇ ಕಡೆ ಆಳಕ್ಕೆ ಹೋಗುವುದಕ್ಕಿಂತ ನಾಲ್ಕು ಕಡೆ ಹಂಚುವುದು ಸಿಡಿಲಿಗೆ ಒಳ್ಳೆಯದು, ಕಾರಣ ಪಟ್ಟಿಗೆ ಹೇಳಿದ್ದೇ. ಅಷ್ಟು ವೇಗದ ಕರೆಂಟ್ ತುಂಬಾ ಉದ್ದದ ರಾಡಿನ ತುದಿಯವರೆಗೆ ಚೆನ್ನಾಗಿ ಹರಡುವುದಿಲ್ಲ. ಪ್ರತಿ ಪಟ್ಟಿಯ ಬುಡಕ್ಕೆ ಕನಿಷ್ಠ 2.5 ಮೀಟರಿನ ಒಂದು ರಾಡ್ ಹೊಡೆಸಿ, ಸಾಧ್ಯವಾದರೆ ಎಲ್ಲವನ್ನೂ ಮನೆಯ ಸುತ್ತ ಒಂದು ಉಂಗುರದ ಹಾಗೆ ಜೋಡಿಸಿ. ಉಂಗುರ ಗೋಡೆಯಿಂದ ಸುಮಾರು 1 ಮೀಟರ್ ದೂರ, ಅರ್ಧ ಮೀಟರ್ ಆಳದಲ್ಲಿ ಇರಲಿ. ಉಪ್ಪು, ಇದ್ದಿಲು ತುಂಬಿಸುವ ಹಳೆಯ ಪದ್ಧತಿ ನನಗೆ ಇಷ್ಟವಿಲ್ಲ. ಮೊದಲ ವರ್ಷ ಓಮ್ ಚೆನ್ನಾಗಿ ಬರುತ್ತದೆ, ಆಮೇಲೆ ಮಳೆಗೆ ಉಪ್ಪು ತೊಳೆದು ಹೋಗುತ್ತದೆ, ಹೋಗುವ ಮೊದಲು ರಾಡನ್ನೂ ಕ್ಲಾಂಪನ್ನೂ ತಿನ್ನುತ್ತದೆ. ಬೆಂಟೋನೈಟ್ ಮಣ್ಣು ನೀರು ಹಿಡಿದಿಡುತ್ತದೆ, ತುಕ್ಕು ಹಿಡಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಮೀಟರ್ ಹಿಡಿದು 1 ಓಮ್ ತೋರಿಸುತ್ತಿದೆ ಅಂದರೆ ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ, ಟೆಸ್ಟ್ ಲಿಂಕ್ ಬಿಚ್ಚಿದ್ದೀರಾ? ಪಟ್ಟಿ ಪಿಟ್‌ಗೆ ಇಳಿಯುವ ಮೊದಲು ನೆಲದಿಂದ ಸ್ವಲ್ಪ ಮೇಲೆ ಬೋಲ್ಟ್ ಹಾಕಿದ ಒಂದು ಜೋಡಣೆ ಇರಬೇಕು, ಅದೇ ಟೆಸ್ಟ್ ಲಿಂಕ್. ಅದನ್ನು ಬಿಚ್ಚದೆ ಅಳೆದರೆ ಉಳಿದ ಪಿಟ್‌ಗಳು, ಮನೆಯ ಅರ್ಥಿಂಗ್ ಎಲ್ಲ ಸೇರಿ ಒಳ್ಳೆಯ ಸಂಖ್ಯೆ ಬರುತ್ತದೆ, ಈ ಪಿಟ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಬಿಚ್ಚಿ, ಮೂರು ಮೊಳೆಯ ವಿಧಾನದಲ್ಲಿ ಅಳೆಸಿ. ಕರೆಂಟ್ ಮೊಳೆ 30 ಮೀಟರ್ ದೂರಕ್ಕೆ ಹೊಡೆದರೆ ಮಧ್ಯದ ಮೊಳೆ ಸುಮಾರು 18-19 ಮೀಟರಿನಲ್ಲಿ ಬರುತ್ತದೆ. ಆ ಮಧ್ಯದ ಮೊಳೆಯನ್ನು ಎರಡು ಮೂರು ಮೀಟರ್ ಹಿಂದೆ ಮುಂದೆ ಮಾಡಿದಾಗಲೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬಂದರೆ ಅಳತೆ ಸರಿ. ತುಂಬಾ ಬದಲಾದರೆ ಮೊಳೆಗಳು ಹತ್ತಿರವಾದವು ಅಂತ ಅರ್ಥ. ಎಲ್ಲ ಪಿಟ್ ಸೇರಿಸಿದ ಮೇಲೆ ಒಟ್ಟು 10 ಓಮ್ ಒಳಗಿದ್ದರೆ ಸಾಕು. 1 ಓಮ್ ಬೇಕೇ ಬೇಕು ಅಂತ ಹಣ ಸುರಿಯುವ ಬದಲು ಆ ಹಣದಲ್ಲಿ ಇನ್ನೊಂದು ಪಟ್ಟಿ ಇಳಿಸಿ.

ಮೇಲಿನ ರಾಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ದೊಡ್ಡ ತಲೆಯ ರಾಡ್ ತೋರಿಸಿ ಒಂದೇ ಇದ್ದರೆ ಸುತ್ತ 80-100 ಮೀಟರ್ ಕಾಯುತ್ತದೆ ಅಂತ ಮಾರುತ್ತಾರೆ. ಐಇಸಿ 62305 ಅದಕ್ಕೆ ಸಾದಾ ರಾಡಿಗಿಂತ ಹೆಚ್ಚಿನ ವ್ಯಾಪ್ತಿ ಕೊಡುವುದಿಲ್ಲ, ಎತ್ತರ ಎಷ್ಟೋ ಅಷ್ಟೇ. ಸಿಡಿಲು ಜಾಸ್ತಿ ಹೊಡೆಯುವುದು ಮೂಲೆಗಳಿಗೆ ಮತ್ತು ಟ್ಯಾಂಕಿನ ತಲೆಗೆ, ಹಾಗಾಗಿ ಆ ಜಾಗಗಳಲ್ಲಿ ಸಾದಾ ರಾಡುಗಳನ್ನು ಹಾಕಿ ತಾರಸಿಯ ಅಂಚಿನುದ್ದಕ್ಕೂ ಪಟ್ಟಿಯಿಂದ ಜೋಡಿಸುವುದು ಉತ್ತಮ. ಸೋಲಾರ್ ಪ್ಯಾನೆಲ್ ಇದ್ದರೆ ಅದರ ಫ್ರೇಮಿಗೂ ಪಟ್ಟಿಗೂ ಮೇಲೆ ಹೇಳಿದ ಅಂತರ ಉಳಿಯುತ್ತದಾ ನೋಡಿ. ಉಳಿಯದಿದ್ದರೆ ಫ್ರೇಮನ್ನು ಪಟ್ಟಿಗೆ ಸೇರಿಸಬೇಕು, ಆಗ ಸೋಲಾರಿನ ಡಿಸಿ ಲೈನಿಗೂ ಟೈಪ್ 1 ಪ್ರೊಟೆಕ್ಟರ್ ಬೇಕಾಗುತ್ತದೆ.

ಪಿಟ್‌ಗಳನ್ನು ವರ್ಷಕ್ಕೊಮ್ಮೆ ಅಳೆಸಿ, ಅದೂ ಮಳೆ ಶುರುವಾಗುವ ಮೊದಲು, ಮಣ್ಣು ಪೂರ್ತಿ ಒಣಗಿರುವಾಗ. ಓಮ್ ಅತಿ ಜಾಸ್ತಿ ಬರುವುದು ಆಗಲೇ. ಮೋಡ ಕಟ್ಟಿರುವ ದಿನ ಮಾತ್ರ ಟೆಸ್ಟ್ ಲಿಂಕ್ ಬಿಚ್ಚಲು ಯಾರಿಗೂ ಬಿಡಬೇಡಿ, ಅಳೆದ ಮೇಲೆ ಬೋಲ್ಟ್ ವಾಪಸ್ ಬಿಗಿಯಾಯಿತಾ ಅಂತ ನೀವೇ ನಿಂತು ನೋಡಿ.