ತಪ್ಪು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಲಿ

*ಮಾನ್ಯ ಸಂಪಾದಕರೇ, ನಾವು ಐದು ಜನ ಸೇರಿ ನಮ್ಮ ಬಡಾವಣೆಯ ಸುದ್ದಿತಾಣ ನಡೆಸುತ್ತಿದ್ದೇವೆ. ಈಚೆಗೆ ಕಾವೇರಿ ನೀರು ಬರದ ದಿನವನ್ನು ಗುರುವಾರದ ಬದಲು ಬುಧವಾರ ಎಂದು ಹಾಕಿಬಿಟ್ಟೆವು. ಗೊತ್ತಾದ ಕೂಡಲೇ ಸರಿಪಡಿಸಿದೆವು, ಆದರೆ ಯಾರಿಗೂ ಹೇಳಲಿಲ್ಲ. ಈಗ ಕೆಲವರು ಹಳೆಯ ಸ್ಕ್ರೀನ್‌ಶಾಟ್ ಹಿಡಿದು ಬಯ್ಯುತ್ತಿದ್ದಾರೆ. ತಿದ್ದುಪಡಿಗೆ ಲಿಖಿತ ನಿಯಮ ಬೇಕೇ? ವಿಭಾಗಗಳು ಎಷ್ಟಿರಬೇಕು? ದಿನಾ ಪ್ರಕಟಿಸಲೇಬೇಕೇ?*
*— ಓದುಗರೊಬ್ಬರು, ವಿಜಯನಗರ, ಬೆಂಗಳೂರು*

ನಿಯಮ ಬೇಕು, ಅದೂ ಬರಹದಲ್ಲೇ ಇರಬೇಕು. ಅದಕ್ಕೂ ಮೊದಲು ಆ ಹಳೆಯ ಸುದ್ದಿಯನ್ನು ತೆರೆದು ಶೀರ್ಷಿಕೆಯ ಕೆಳಗೆ, ಮೊದಲ ಸಾಲಿಗಿಂತ ಮೇಲೆ ಇದನ್ನು ಸೇರಿಸಿ:

"ತಿದ್ದುಪಡಿ: ನೀರು ಬರದ ದಿನ ಬುಧವಾರ ಎಂದು ಈ ಸುದ್ದಿಯಲ್ಲಿ ಮೊದಲು ಪ್ರಕಟವಾಗಿತ್ತು. ಜಲಮಂಡಳಿಯ ಪ್ರಕಟಣೆಯಲ್ಲಿದ್ದ ದಿನ ಗುರುವಾರ. ಸುದ್ದಿಯನ್ನು ಮಂಗಳವಾರ ರಾತ್ರಿಯೇ ಸರಿಪಡಿಸಿದ್ದೆವು. ಅದನ್ನು ತಿಳಿಸುವ ಈ ಟಿಪ್ಪಣಿಯನ್ನು ಶನಿವಾರ ಸೇರಿಸಿದ್ದೇವೆ."

ದಿನ ಮತ್ತು ಗಂಟೆ ನಿಮ್ಮಲ್ಲಿ ನಿಜವಾಗಿ ಇದ್ದದ್ದೇ ಆಗಿರಲಿ. ಟಿಪ್ಪಣಿಗೆ ಈಚಿನ ದಿನಾಂಕ ಹಾಕಲು ಹಿಂಜರಿದು ಹಳೆಯ ದಿನಾಂಕ ಹಾಕಿದರೆ ಅದು ಎರಡನೆಯ ತಪ್ಪು. ಸ್ಕ್ರೀನ್‌ಶಾಟ್ ಹಾಕಿದವರೊಂದಿಗೆ ವಾದಕ್ಕೆ ಇಳಿಯದೆ ಈ ಟಿಪ್ಪಣಿ ಇರುವ ಲಿಂಕ್ ಕೊಡಿ, ಸಾಕು.

ಅವರು ಬಯ್ಯಲು ಕಾರಣವೂ ಇದೆ. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಮನೆಯವರು ಸಂಪ್ ತುಂಬಿಸಿಕೊಳ್ಳುವುದು, ಟ್ಯಾಂಕರ್‌ಗೆ ಹೇಳುವುದು ಎಲ್ಲವೂ ನಿಮ್ಮ ಆ ಒಂದು ಸಾಲನ್ನು ನಂಬಿ. ನೀವು ತಾಣದಲ್ಲಿ ಬುಧವಾರವನ್ನು ಗುರುವಾರ ಮಾಡಿದಿರಿ. ಆದರೆ ಜನ ಓದಿದ್ದು ತಾಣದಲ್ಲಲ್ಲ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಹಾಕಿದಾಗ ಅದರ ಜೊತೆ ಕಾಣುವ ಶೀರ್ಷಿಕೆ ಮತ್ತು ಚಿತ್ರ ಕಳಿಸುವವರ ಫೋನಿನಲ್ಲೇ ತಯಾರಾಗಿ ಸಂದೇಶಕ್ಕೆ ಅಂಟಿಕೊಂಡು ಹೋಗುತ್ತದೆ. ಆಮೇಲೆ ನೀವು ಮೂಲ ಸುದ್ದಿಯನ್ನು ಎಷ್ಟು ತಿದ್ದಿದರೂ ಆ ಪುಟ್ಟ ಚೌಕದಲ್ಲಿ "ಬುಧವಾರ ನೀರಿಲ್ಲ" ಎಂದೇ ಉಳಿದಿರುತ್ತದೆ. ಲಿಂಕ್ ಒತ್ತದೆ ಶೀರ್ಷಿಕೆ ಮಾತ್ರ ಓದಿದವರಿಗೆ ನಿಮ್ಮ ತಿದ್ದುಪಡಿ ತಲುಪಿಯೇ ಇಲ್ಲ.

ಹಾಗಾಗಿ ನಿಯಮದ ಮೊದಲ ವಾಕ್ಯ ಇದಾಗಿರಲಿ: ಸುದ್ದಿಯನ್ನು ಎಲ್ಲೆಲ್ಲಿ ಹಂಚಿದ್ದೇವೋ ಅಲ್ಲೆಲ್ಲ ತಿದ್ದುಪಡಿಯನ್ನೂ ಹಂಚುತ್ತೇವೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು ತಿದ್ದಲು 15 ನಿಮಿಷ ಅವಕಾಶವಿದೆ. ಆದರೆ ಅಷ್ಟರೊಳಗೆ ಯಾರಾದರೂ ಅದನ್ನು ಬೇರೆ ಗುಂಪಿಗೆ ಕಳಿಸಿದ್ದರೆ ಆ ಪ್ರತಿ ಬದಲಾಗುವುದಿಲ್ಲ. ಆದ್ದರಿಂದ ಹಳೆಯ ಸಂದೇಶಕ್ಕೆ ರಿಪ್ಲೈ ಮಾಡಿ ಹೊಸ ಸಂದೇಶ ಹಾಕುವುದೇ ಒಳ್ಳೆಯದು. ಅದರ ಮೊದಲ ಪದ "ತಿದ್ದುಪಡಿ" ಎಂದಿರಲಿ. ಬರೀ ಲಿಂಕ್ ಕೊಡದೆ ಬಡಾವಣೆಯ ಹೆಸರು, ವಾರ, ದಿನಾಂಕ, ಗಂಟೆ ಎಲ್ಲವನ್ನೂ ಸಂದೇಶದಲ್ಲೇ ಬರೆಯಿರಿ. ಮೊದಲಿನದನ್ನು ಮುಂದೆ ಕಳಿಸಿದವರು ಇದನ್ನೂ ಹಾಗೆಯೇ ಕಳಿಸಬಹುದು, ಓದಿದವರಿಗೆ ಹಿಂದುಮುಂದು ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ. ನೀರು, ಕರೆಂಟಿನ ಸುದ್ದಿಯನ್ನು ಬಣ್ಣದ ಪೋಸ್ಟರ್ ಮಾಡಿ ಹಂಚುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಚಿತ್ರದೊಳಗಿನ ಅಕ್ಷರವನ್ನು ತಿದ್ದಲು ಬರುವುದಿಲ್ಲ, ಅದು ವರ್ಷವಾದರೂ ಸುತ್ತುತ್ತಲೇ ಇರುತ್ತದೆ.

ಸುದ್ದಿಯ ವಿಳಾಸದಲ್ಲೂ ತಪ್ಪು ಅಡಗಿರುತ್ತದೆ. ವರ್ಡ್‌ಪ್ರೆಸ್ ಬಳಸುತ್ತಿದ್ದರೆ ಅದು ಶೀರ್ಷಿಕೆಯಿಂದಲೇ ವಿಳಾಸ ಹುಟ್ಟಿಸುತ್ತದೆ. ಕನ್ನಡ ಅಕ್ಷರಗಳು ಅಲ್ಲಿ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ, 200 ಚಿಹ್ನೆಗಳ ಮಿತಿ ಮುಟ್ಟಿ, ನಡುವೆಯೇ ತುಂಡಾಗುತ್ತವೆ. ಪ್ರಕಟಿಸುವ ಮುನ್ನ ನೀವೇ `vijayanagar-neeru-vyatyaya` ಎಂಬಂಥ ಚಿಕ್ಕ ವಿಳಾಸ ಕೊಡಿ, ಅದರಲ್ಲಿ ವಾರದ ಹೆಸರು ಬೇಡ. ಪ್ರಕಟವಾದ ಮೇಲೆ ವಿಳಾಸವನ್ನು ಮುಟ್ಟಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಇಡಿ, ಇಲ್ಲದಿದ್ದರೆ ಗುಂಪುಗಳಲ್ಲಿರುವ ಲಿಂಕ್ ಒತ್ತಿದವರಿಗೆ ಸುದ್ದಿಯೇ ಸಿಗುವುದಿಲ್ಲ. ಅಳಿಸಿ ಓಡಿಹೋದರು ಎಂಬ ಮಾತು ಹುಟ್ಟುವುದು ಹೀಗೆಯೇ.

ಯಾವುದನ್ನು ತಿದ್ದುಪಡಿ ಎಂದು ಕರೆಯಬೇಕು ಎಂಬುದರಲ್ಲೂ ಗೊಂದಲವಾಗುತ್ತದೆ. ನಾವು ಬರೆದದ್ದೇ ತಪ್ಪಾಗಿದ್ದರೆ ಅದು ತಿದ್ದುಪಡಿ. ನಾವು ಬರೆದಾಗ ಸರಿಯಿದ್ದು, ಆಮೇಲೆ ಜಲಮಂಡಳಿ ಕಾಮಗಾರಿಯನ್ನು ಮುಂದೂಡಿದ್ದರೆ ಅದು ಹೊಸ ಮಾಹಿತಿ. ಇವೆರಡನ್ನೂ "ಅಪ್‌ಡೇಟ್" ಎಂಬ ಒಂದೇ ಹಣೆಪಟ್ಟಿಯಡಿ ಹಾಕಿದರೆ ದಿನ ತಪ್ಪಿದ್ದು ನಿಮ್ಮಿಂದಲೋ ಜಲಮಂಡಳಿಯಿಂದಲೋ ಎಂದು ಓದುಗರಿಗೆ ತಿಳಿಯುವುದಿಲ್ಲ. ತಪ್ಪಿಗೆ "ಸ್ಪಷ್ಟನೆ" ಎಂದು ಹೆಸರಿಡುವುದಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಾಗುಣಿತದ ದೋಷವನ್ನು ಟಿಪ್ಪಣಿಯಿಲ್ಲದೆ ತಿದ್ದಬಹುದು. ಆದರೆ ವ್ಯಕ್ತಿಯ ಹೆಸರು, ದಿನ, ಗಂಟೆ, ಮೊತ್ತ, ರಸ್ತೆಯ ಸಂಖ್ಯೆ ಒಂದಕ್ಷರ ತಪ್ಪಿದರೂ ಅದು ಕಾಗುಣಿತವಲ್ಲ.

ಇನ್ನು ದಿನ ತಪ್ಪುವುದಾದರೂ ಹೇಗೆ? ಸಾಮಾನ್ಯವಾಗಿ "ನಾಳೆ" ಎಂಬ ಪದದಿಂದ. ಮಂಗಳವಾರ ಒಬ್ಬರು "ನಾಳೆ ನೀರಿಲ್ಲ" ಎಂದು ಬರೆದಿಡುತ್ತಾರೆ, ಇನ್ನೊಬ್ಬರು ಬುಧವಾರ ಪ್ರಕಟಿಸುತ್ತಾರೆ. ಅಥವಾ ಪ್ರಕಟಣೆಯ ತಲೆಬರಹದಲ್ಲಿರುವ ದಿನಾಂಕವನ್ನೇ ಕಾಮಗಾರಿಯ ದಿನಾಂಕ ಎಂದುಕೊಳ್ಳುತ್ತಾರೆ. ಆದ್ದರಿಂದ ಇಂದು, ನಾಳೆ, ನಾಡಿದ್ದು ಎಂಬ ಪದಗಳನ್ನು ಇಂಥ ಸುದ್ದಿಗಳಲ್ಲಿ ಬಳಸಲೇಬೇಡಿ. ವಾರ ಮತ್ತು ದಿನಾಂಕ ಎರಡನ್ನೂ ಬರೆಯಿರಿ. ಎರಡೂ ಇದ್ದಾಗ ಒಂದು ತಪ್ಪಿದರೆ ಕ್ಯಾಲೆಂಡರ್ ನೋಡಿದ ತಕ್ಷಣ ಸಿಕ್ಕಿಬೀಳುತ್ತದೆ. ಒಂದೇ ಇದ್ದರೆ ತಪ್ಪು ಕೂಡ ಸರಿಯಾಗಿಯೇ ಕಾಣುತ್ತದೆ.

ಪ್ರಕಟಿಸುವ ಮುನ್ನ ಬರೆಯದೆ ಇದ್ದ ಇನ್ನೊಬ್ಬರು ಮೂರನ್ನು ಮಾತ್ರ ನೋಡಲಿ: ದಿನ, ಗಂಟೆ, ಬಡಾವಣೆಗಳ ಪಟ್ಟಿ. ನೋಡಬೇಕಾದದ್ದು ಮೂಲ ಪ್ರಕಟಣೆಯನ್ನು ಮುಂದಿಟ್ಟುಕೊಂಡು. ಗುಂಪಿನಲ್ಲಿ ಬಂದ ಫಾರ್ವರ್ಡ್ ಅದಕ್ಕೆ ಸಾಲದು. ಒಬ್ಬರು ಫೋನಿನಲ್ಲಿ ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಯಲ್ಲಿ ಹಿಂಬಾಲಿಸುವುದು ಒಳ್ಳೆಯ ಕ್ರಮ. ಪ್ರಕಟಣೆ ನುಡಿ ಅಕ್ಷರಶೈಲಿಯಲ್ಲಿದ್ದು ನೀವು ಯೂನಿಕೋಡ್‌ಗೆ ಪರಿವರ್ತಿಸಿದ್ದರೆ ಒತ್ತಕ್ಷರ, ಅರ್ಕಾವತ್ತುಗಳು ಜಾಗ ತಪ್ಪಿ ಬಡಾವಣೆಯ ಹೆಸರು ಕೆಟ್ಟಿರಬಹುದು, ಅಲ್ಲಿ ಕಣ್ಣು ಹೆಚ್ಚು ಬೇಕು. ಮಾರುತಿನಗರ ಎಂಬ ಹೆಸರು ಬೆಂಗಳೂರಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೆ. ಪಕ್ಕದ ಬಡಾವಣೆಯ ಹೆಸರು ಸೇರಿಸದೆ ಅಂಥ ಹೆಸರನ್ನು ಒಂಟಿಯಾಗಿ ಬಿಡಬೇಡಿ.

ದಿನಾ ಪ್ರಕಟಿಸಬೇಕಾಗಿಲ್ಲ. ಐದು ಜನರಿಗೆ ವಾರಕ್ಕೆ ಎರಡು ವರದಿ, ಉದಾಹರಣೆಗೆ ಬುಧವಾರ ಮತ್ತು ಶನಿವಾರ ಬೆಳಿಗ್ಗೆ, ಧಾರಾಳವಾಯಿತು. ನೀರು, ಕರೆಂಟ್, ರಸ್ತೆ ಬಂದ್ ಮಾತ್ರ ಇದ್ದ ದಿನ ಸಂಜೆ 6 ಗಂಟೆಗೆ ಹೋಗಲಿ, ಇಲ್ಲದ ದಿನ ಖಾಲಿ ಇರಲಿ. ದಿನಾ ಹಾಕುತ್ತೇವೆ ಎಂದು ಹೇಳಿಕೊಂಡ ತಂಡಗಳು ಸುದ್ದಿ ಸಿಗದ ದಿನ ಫಾರ್ವರ್ಡ್‌ಗಳನ್ನೇ ಬರೆದು ಹಾಕಲು ಶುರು ಮಾಡುತ್ತವೆ. ಸಂಜೆ 6 ಎಂದದ್ದಕ್ಕೆ ಕಾರಣ, ಪ್ರಕಟವಾದ ಮೇಲೆ ಒಂದು ಗಂಟೆಯಾದರೂ ಒಬ್ಬರು ಫೋನ್ ಹಿಡಿದು ಎಚ್ಚರವಾಗಿರಬೇಕು. ತಪ್ಪನ್ನು ಕಂಡ ಓದುಗರು ಹೆಚ್ಚಾಗಿ ಬೇಗನೇ ಬರೆಯುತ್ತಾರೆ. ರಾತ್ರಿ 11ಕ್ಕೆ ಹಾಕಿ ಮಲಗಿದರೆ ಬೆಳಗಿನ ನಲ್ಲಿ ನೀರಿನ ಹೊತ್ತಿನವರೆಗೂ ತಪ್ಪು ಓಡಾಡುತ್ತಿರುತ್ತದೆ. ಆ ಒಂದು ಗಂಟೆಯ ಪಾಳಿ ಯಾರದು ಎಂಬುದನ್ನು ವಾರದ ಪಟ್ಟಿಯಲ್ಲಿ ಹೆಸರಿಸಿಯೇ ಬರೆಯಿರಿ.

ವಿಭಾಗಗಳು ನಾಲ್ಕು ಸಾಕು: ಇಂದು-ನಾಳೆಯ ಉಪಯೋಗದ ಸೂಚನೆಗಳು, ವರದಿಗಳು, ಅಭಿಪ್ರಾಯ, ಕಾರ್ಯಕ್ರಮಗಳು. ವಿಷಯಕ್ಕಿಂತ, ತಪ್ಪಾದರೆ ಎಷ್ಟು ಬೇಗ ತಿದ್ದಬೇಕು ಎಂಬುದನ್ನು ನೋಡಿ ಹೀಗೆ ವಿಂಗಡಿಸಿದ್ದೇನೆ. ಸೂಚನೆಯ ತಪ್ಪನ್ನು ಒಂದು ಗಂಟೆಯೊಳಗೆ ತಿದ್ದಬೇಕು. ವರದಿಯ ತಪ್ಪಿಗೆ ಬರೆದವರನ್ನು, ಟಿಪ್ಪಣಿ ಪುಸ್ತಕವನ್ನು, ಧ್ವನಿಮುದ್ರಣವನ್ನು ನೋಡಲು ಒಂದೆರಡು ದಿನ ಬೇಕಾಗಬಹುದು. ವಾರ್ಡ್ ಸಂಖ್ಯೆಯ ಮೇಲೆ ವಿಭಾಗ ಮಾಡಬೇಡಿ. ಬಿಬಿಎಂಪಿಯ 198 ವಾರ್ಡ್‌ಗಳು 2022ರ ವಿಂಗಡಣೆಯಲ್ಲಿ 243 ಆದವು, 2023ರಲ್ಲಿ 225 ಆದವು, 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಸಂಖ್ಯೆ ನಂಬಿ ಜೋಡಿಸಿದ ಹಳೆಯ ಸುದ್ದಿಗಳೆಲ್ಲ ಈಗ ತಪ್ಪು ಬಡಾವಣೆಯ ಕಡೆ ಬೆರಳು ತೋರುತ್ತವೆ. ಬಡಾವಣೆಯ ಹೆಸರನ್ನು ಟ್ಯಾಗ್ ಮಾಡಿ, ಅದು ಅಷ್ಟು ಬೇಗ ಬದಲಾಗುವುದಿಲ್ಲ.

ತಪ್ಪು ಎಂದು ಬಂದ ದೂರನ್ನು ಆ ಸುದ್ದಿ ಬರೆದವರೇ ತೀರ್ಮಾನಿಸಬಾರದು. ಐವರಲ್ಲಿ ಒಬ್ಬರನ್ನು ಇದಕ್ಕೆ ಗೊತ್ತು ಮಾಡಿ, ಒಂದು ಇಮೇಲ್ ವಿಳಾಸವನ್ನು ಪ್ರತಿ ಸುದ್ದಿಯ ಕೆಳಗೂ ಹಾಕಿ. ಡಿಜಿಟಲ್ ಸುದ್ದಿ ಪ್ರಕಾಶಕರಿಗೆಂದು 2021ರ ಐಟಿ ನಿಯಮಗಳು ಹೇಳುವ ಗಡುವು 24 ಗಂಟೆಯೊಳಗೆ ದೂರಿಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ. ನಿಮ್ಮ ಪುಟ್ಟ ತಂಡ ಆ ನಿಯಮದ ವ್ಯಾಪ್ತಿಗೆ ಬರುತ್ತದೋ ಎಂಬುದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ಬರದಿದ್ದರೂ ಆ ಗಡುವನ್ನೇ ಇಟ್ಟುಕೊಳ್ಳಬಹುದು. ದೂರು ಸರಿಯಲ್ಲ ಎನಿಸಿದರೂ ಯಾಕೆ ತಿದ್ದುತ್ತಿಲ್ಲ ಎಂದು ಎರಡು ಸಾಲು ಉತ್ತರ ಹೋಗಲೇಬೇಕು. ತಿದ್ದಿದ್ದನ್ನೆಲ್ಲ ದಿನಾಂಕದೊಂದಿಗೆ ಒಂದೇ ಕಡೆ ಪಟ್ಟಿ ಮಾಡಿಡಿ. ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಂಡರೆ ಪರಿಶೀಲನೆಯ ಯಾವ ಹೆಜ್ಜೆ ತಪ್ಪುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕೊನೆಯದಾಗಿ, ಏನನ್ನೂ ಅಳಿಸುವುದಿಲ್ಲ ಎಂದು ನಿಯಮದಲ್ಲಿ ಬರೆಯುವ ಮೊದಲು ಒಂದು ಅಪವಾದ ಸೇರಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನಿರ್ಬಂಧಿಸುತ್ತವೆ. ಹೆಸರಷ್ಟೇ ಅಲ್ಲ, ಮನೆ, ಶಾಲೆ, ನೆರೆಹೊರೆಯ ವಿವರದಿಂದಲೂ ಗುರುತು ಸಿಗುತ್ತದೆ. ಒಂದೇ ಬಡಾವಣೆಯ ಓದುಗರಿಗೆ ರಸ್ತೆಯ ಹೆಸರೊಂದೇ ಸಾಕಾಗುತ್ತದೆ. ಅಂಥದ್ದು ನುಸುಳಿದ್ದರೆ ಆ ಭಾಗವನ್ನು ತಕ್ಷಣ ತೆಗೆಯಿರಿ, ಗುಂಪುಗಳಿಗೆ ಕಳಿಸಿದ ಸಂದೇಶವನ್ನು ಎಲ್ಲರಿಗೂ ಅಳಿಸಿಹೋಗುವಂತೆ ಅಳಿಸಿ. ಇಲ್ಲಿ ಮಾತ್ರ ಟಿಪ್ಪಣಿಯಲ್ಲಿ ಏನು ತಪ್ಪಾಗಿತ್ತು ಎಂದು ಬರೆಯಬಾರದು. "ಕಾನೂನಿನ ಕಾರಣದಿಂದ ಕೆಲವು ವಿವರ ತೆಗೆದಿದ್ದೇವೆ" ಎಂಬ ಸಾಲು, ಅದರ ದಿನಾಂಕ ಇಷ್ಟೇ ಇರಲಿ.

— ಸಂಪಾದಕ