ತೀರಿಸದ ತಮ್ಮನಿಗೆ ಸಾಲ ನಿಲ್ಲಿಸುವುದು ಹೇಗೆ?

ಪ್ರಶ್ನೆ: ತಮ್ಮ ಪದೇ ಪದೇ ಸಾಲ ಕೇಳುತ್ತಾನೆ, ಒಮ್ಮೆಯೂ ವಾಪಸ್ ಕೊಟ್ಟಿಲ್ಲ. ಜಗಳವಾಗದಂತೆ ಇಲ್ಲ ಎನ್ನುವುದು ಹೇಗೆ?

ಉತ್ತರ: ಅವನು ಮತ್ತೆ ಕೇಳುವ ಮೊದಲೇ, ಇಬ್ಬರೂ ನೆಮ್ಮದಿಯಾಗಿರುವಾಗ ಹೇಳಿಬಿಡಿ: "ಇನ್ನು ಮುಂದೆ ನಾನು ನಿನಗೆ ಸಾಲ ಕೊಡುವುದಿಲ್ಲ." ಕಾರಣ ಸೇರಿಸಬೇಡಿ. "ಈ ತಿಂಗಳು ಕೈ ಬಿಗಿಯಾಗಿದೆ" ಎಂದರೆ ಮುಂದಿನ ತಿಂಗಳು ಬಾ ಎಂದೇ ಅರ್ಥ. ಸಂಬಳವಾದ ಮರುದಿನ ಫೋನ್ ಬರುತ್ತದೆ.

ಹೆಚ್ಚಿನವರು ಎಡವುವುದು ಆಮೇಲೆ. ಮೂರು ಸಲ ಇಲ್ಲವೆಂದು, ನಾಲ್ಕನೆಯ ಸಲ ಅವನು ಅತ್ತಾಗಲೋ ಅಮ್ಮನಿಂದ ಹೇಳಿಸಿದಾಗಲೋ ಕೊಟ್ಟರೆ, ನಾಲ್ಕು ಸಲ ಕೇಳಬೇಕು ಎಂಬುದನ್ನಷ್ಟೇ ಅವನು ಕಲಿಯುತ್ತಾನೆ. ಯಾವಾಗಲೋ ಒಮ್ಮೆ ಸಿಗುವ ಫಲ, ಪ್ರತಿ ಸಲ ಸಿಗುವ ಫಲಕ್ಕಿಂತ ಗಟ್ಟಿಯಾಗಿ ಅಭ್ಯಾಸವನ್ನು ಉಳಿಸುತ್ತದೆ. ಆದ್ದರಿಂದ ಮೊದಮೊದಲು ಒತ್ತಾಯ ಹೆಚ್ಚಿದರೆ ಗಾಬರಿಯಾಗಬೇಡಿ. ಅದೇ ವಾಕ್ಯವನ್ನು ಅದೇ ದನಿಯಲ್ಲಿ ಹೇಳಿ, ಮಾತು ಬದಲಿಸಿ.

ಆಸ್ಪತ್ರೆಯ ಬಿಲ್ಲಿನಂಥ ನಿಜವಾದ ತುರ್ತು ಬಂದರೆ, ಮರಳಿ ಬಾರದಿದ್ದರೂ ನೀವು ತಾಳಿಕೊಳ್ಳಬಲ್ಲಷ್ಟನ್ನು ನೇರವಾಗಿ ಅಲ್ಲಿಗೇ ಕಟ್ಟಿ. ಅದನ್ನು ಸಾಲವೆಂದು ಕರೆಯಬೇಡಿ, ಕೊಟ್ಟದ್ದು ಎಂದೇ ಹೇಳಿ. ಅವನ ಸಾಲಕ್ಕೆ ಜಾಮೀನು ಸಹಿ ಮಾತ್ರ ಹಾಕಲೇಬೇಡಿ. ಅವನು ಕಂತು ಕಟ್ಟದಿದ್ದರೆ ಸಾಲ ಕೊಟ್ಟವರು ನಿಮ್ಮ ಬಾಗಿಲಿಗೇ ಬರುತ್ತಾರೆ.