ರಾತ್ರಿ ಹನ್ನೊಂದರ ಮೆಸೇಜು, ಭಾನುವಾರದ ಮೌನ

*ಸಂಪಾದಕರೇ, ನಾನು, ನನ್ನ ಹಳೇ ಪ್ರೇಮಿ ಇಬ್ಬರೂ ಮುಂಬೈನ ಮಾಟುಂಗಾದ ಒಂದು ಕನ್ನಡ ನಾಟಕ ತಂಡದಲ್ಲಿದ್ದೇವೆ. ಎಂಟು ತಿಂಗಳ ಹಿಂದೆ ಅವನೇ ‘ಇದು ಮುಂದುವರಿಯೋದು ಬೇಡ’ ಅಂದ. ಈಗ ಒಂದು ಭಾನುವಾರ ತಾಲೀಮಿನಲ್ಲಿ ನನಗೆಂದೇ ಚಹಾ ತಂದುಕೊಡುತ್ತಾನೆ, ಡೊಂಬಿವಲಿವರೆಗೂ ಲೋಕಲ್‌ನಲ್ಲಿ ಜೊತೆಗೆ ಬರುತ್ತಾನೆ. ಮುಂದಿನ ಭಾನುವಾರ ಮುಖ ಕೊಟ್ಟು ಮಾತಾಡುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಹಳೇ ಫೋಟೋ ಕಳಿಸುತ್ತಾನೆ. ‘ಅವನಿಗಿನ್ನೂ ನಿನ್ನ ಮೇಲೆ ಮನಸ್ಸಿದೆ’ ಅಂತಾರೆ ಗೆಳತಿಯರು. ತಂಡ ಬಿಡಲೇ? – ಓದುಗಳು, ಡೊಂಬಿವಲಿ*

ತಂಡ ಬಿಡಬೇಡಿ. ಅದರ ಮಾತು ಆಮೇಲೆ. ಮೊದಲು ಆ ಚಹಾದ ಲೆಕ್ಕ ನೋಡೋಣ.

ಚಹಾ ತರುವುದಕ್ಕೆ, ಫೋಟೋ ಕಳಿಸುವುದಕ್ಕೆ ಅವನಿಗೆ ಏನೂ ಖರ್ಚಿಲ್ಲ. ಮನಸ್ಸಿದೆಯೋ ಇಲ್ಲವೋ ಅನ್ನುವುದು ಖರ್ಚಾಗುವ ಕಡೆ ತಿಳಿಯುತ್ತದೆ: ಹಗಲಲ್ಲಿ, ನಾಲ್ಕು ಜನರ ಎದುರು, ಮುಂದಿನ ವಾರವೂ ನೆನಪಿರುವ ಒಂದು ಮಾತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಂಥದ್ದು ಒಂದೂ ಸಿಗಲಿಲ್ಲ. ಅವನು ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಒಂಟಿ ಅನ್ನಿಸಿದ ರಾತ್ರಿ ಮೆಸೇಜು, ಸಮಾಧಾನವಾಗಿದ್ದ ವಾರ ಮೌನ, ಅಷ್ಟೇ ಇರಬಹುದು.

ಹಾಗಾದರೆ ನಿಮಗೆ ಯಾಕೆ ಬಿಡಲಾಗುತ್ತಿಲ್ಲ? 1950ರ ದಶಕದಲ್ಲಿ ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಯಿತು. ಯಾವಾಗಲೋ ಒಮ್ಮೆ, ಲೆಕ್ಕವಿಲ್ಲದೆ ಕಾಳು ಸಿಗುತ್ತಿದ್ದ ಹಕ್ಕಿ ಮಾತ್ರ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಅವನು ಪ್ರತಿ ಭಾನುವಾರ ಮುಖ ತಿರುಗಿಸಿದ್ದರೆ ನೀವು ಇಷ್ಟರಲ್ಲಿ ಮರೆತಿರುತ್ತಿದ್ದಿರಿ. ನಿಮ್ಮನ್ನು ಹಿಡಿದಿಟ್ಟಿರುವುದು ಆ ‘ಒಂದು ವಾರ ಬಿಟ್ಟು ಒಂದು ವಾರ’.

ಇನ್ನೊಂದು ಮಾತು, ಸ್ವಲ್ಪ ಕಹಿ. ಅವನ ಕೈಯಲ್ಲೂ ಅಂಥದೇ ಗುಂಡಿ ಇದೆ. ಭಾನುವಾರ ನೀವು ಬಿಗಿಯಾಗಿರುತ್ತೀರಿ, ರಾತ್ರಿಯ ಫೋಟೋಗೆ ಎರಡೇ ನಿಮಿಷದಲ್ಲಿ ಉತ್ತರ ಕೊಡುತ್ತೀರಿ, ಅಲ್ವಾ? ನೀವು ಬರೆದಿಲ್ಲ, ನಾನು ಊಹಿಸಿದ್ದು. ತಪ್ಪಾಗಿದ್ದರೆ ಕ್ಷಮಿಸಿ.

ಈಗ ಕೆಲಸ. ತಾಲೀಮಿಗೆ ಅರ್ಧ ಗಂಟೆ ಮುಂಚೆ ಬರಹೇಳಿ. ಹಗಲಲ್ಲಿ, ಎದುರುಬದುರು ಕೂತು ಒಂದೇ ಪ್ರಶ್ನೆ ಕೇಳಿ: ‘ಮತ್ತೆ ಜೊತೆಯಾಗೋ ವಿಚಾರ ನಿನ್ನ ಮನಸ್ಸಲ್ಲಿ ಇದೆಯಾ? ಇಲ್ಲ ಅಂದ್ರೆ ರಾತ್ರಿ ಮೆಸೇಜ್ ಮಾಡ್ಬೇಡ.’ ಚಾಟ್‌ನಲ್ಲಿ ಕೇಳಬೇಡಿ, ಅಲ್ಲಿ ಒಂದು ನಗುಮುಖ ಕಳಿಸಿ ಜಾರಿಕೊಳ್ಳಬಹುದು. ‘ನೋಡೋಣ’, ‘ಸ್ವಲ್ಪ ಟೈಮ್ ಕೊಡು’ ಅಂದರೆ ಅದನ್ನು ‘ಇಲ್ಲ’ ಅಂತಲೇ ಓದಿಕೊಳ್ಳಿ. ‘ಇದೆ’ ಅಂದರೆ, ಅದೇ ಮಾತನ್ನು ತಂಡದವರ ಎದುರೂ ಒಪ್ಪಿಕೊಳ್ಳುತ್ತಾನಾ ಅಂತ ನೋಡಿ.

ಇಲ್ಲ ಅಂದ ದಿನದಿಂದ ಅವನ ಮೆಸೇಜಿಗೆ ಉತ್ತರಿಸಬೇಡಿ, ತಾಲೀಮಿನ ವಿಷಯವನ್ನೆಲ್ಲ ತಂಡದ ಗ್ರೂಪಿನಲ್ಲೇ ಮಾತಾಡಿ. ಮಾಟುಂಗಾದಿಂದ ಡೊಂಬಿವಲಿಗೆ ಸ್ಲೋ ಲೋಕಲ್‌ನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಹಳಿ ದುರಸ್ತಿಗೆಂದು ಭಾನುವಾರದ ಮೆಗಾ ಬ್ಲಾಕ್ ಬಿದ್ದರೆ ಇನ್ನೂ ಜಾಸ್ತಿ. ನಾನೂ ಇದೇ ಲೈನಿನಲ್ಲಿ ವರ್ಷಗಟ್ಟಲೆ ಓಡಾಡಿದವನು. ಕಿಟಕಿ ಪಕ್ಕ ಅಷ್ಟು ಹೊತ್ತು ಕೂತರೆ ಜಗಳವಾಡಿದವರೂ ರಾಜಿಯಾಗುತ್ತಾರೆ. ಅದಕ್ಕೇ ಲೇಡೀಸ್ ಡಬ್ಬಕ್ಕೆ ಹತ್ತಿ. ಇಷ್ಟು ಸುಲಭದ ಬಾಗಿಲು ಆಫೀಸಿನಲ್ಲಿ ಜೊತೆಗಿರುವವರಿಗೆ ಸಿಗುವುದಿಲ್ಲ.

ಆಗ ಒಂದು ವಿಚಿತ್ರ ಆಗುತ್ತದೆ. ನೀವು ಉತ್ತರಿಸುವುದು ನಿಂತ ಕೂಡಲೇ ಅವನ ಮೆಸೇಜು ಹೆಚ್ಚಾಗಬಹುದು. ಕಾಳು ನಿಂತಾಗ ಹಕ್ಕಿಯೂ ಮೊದಲು ಜೋರಾಗಿಯೇ ಕುಕ್ಕುತ್ತದೆ. ಗೆಳತಿಯರು ಆಗಲೇ ‘ನೋಡಿದ್ಯಾ, ಎಷ್ಟು ಒದ್ದಾಡ್ತಿದ್ದಾನೆ’ ಅನ್ನುವುದು. ಆರು ಮೆಸೇಜಿಗೆ ಸುಮ್ನಿದ್ದು ಏಳನೆಯದಕ್ಕೆ ಕರಗಿದರೆ, ಏಳು ಕಳಿಸಿದರೆ ಉತ್ತರ ಬರುತ್ತದೆ ಅಂತ ಅವನಿಗೆ ನೀವೇ ಕಲಿಸಿದಂತೆ. ಕೆಲವು ವಾರ ತಡೆದುಕೊಳ್ಳಿ. ಗೆಳತಿಯರಲ್ಲಿ ಒಬ್ಬಳಿಗಾದರೂ ‘ಅವನ ಸುದ್ದಿ ನನಗೆ ತರಬೇಡ’ ಅಂತ ನೇರ ಹೇಳಿ. ಬೇಡ ಅಂದ ಮೇಲೂ ಅವನು ಬಿಡದೆ ಕಾಡಿದರೆ ಮೆಸೇಜು ಅಳಿಸಬೇಡಿ, ನಿರ್ದೇಶಕರಿಗೆ ತೋರಿಸಿ.

ಇನ್ನು ತಂಡ. ಪಾತ್ರ ಸಿಕ್ಕಿದ್ದು ನಿಮ್ಮ ಕಂಠಕ್ಕೆ, ಅವನ ಗೆಳತಿ ಅಂತ ಅಲ್ಲವಲ್ಲ. ಅವನ ಜೊತೆ ದೃಶ್ಯವಿದ್ದರೆ ಮಾತು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಹೋಗಿ, ರಂಗದ ಮೇಲೆ ಕಣ್ಣಿಗೆ ಕಣ್ಣಿಟ್ಟು ಹೇಳಿ. ಚಹಾ ಮಾತ್ರ ನೀವೇ ತಂದುಕೊಳ್ಳಿ.